ಒಂದೇ ಹಾಳೆಯ ಚಾರ್ಟ್: ಕವಲು ಚಿತ್ರವೋ, ಕೋಷ್ಟಕವೋ?

ಎಸ್ಸೆಸ್ಸೆಲ್ಸಿ ವಿಜ್ಞಾನದ ‘ಜೀವಕ್ರಿಯೆಗಳು’ ಪಾಠವನ್ನೇ ತೆಗೆದುಕೊಳ್ಳಿ. ಎ4 ಹಾಳೆಯನ್ನು ಅಡ್ಡಲಾಗಿಟ್ಟು, ಮೇಲೆ ಪಾಠದ ಹೆಸರು, ಕೆಳಗೆ ಪೋಷಣೆ, ಉಸಿರಾಟ, ಸಾಗಾಣಿಕೆ, ವಿಸರ್ಜನೆ ಎಂಬ ನಾಲ್ಕು ಪೆಟ್ಟಿಗೆ. ಇಷ್ಟು ಎಲ್ಲರೂ ಬರೆಯುತ್ತಾರೆ. ಆಯ್ಕೆಯ ಪ್ರಶ್ನೆ ಏಳುವುದು ಪೆಟ್ಟಿಗೆಯ ಒಳಗೆ.

ಉಸಿರಾಟಕ್ಕೆ ಕವಲು ಚಿತ್ರವೇ ಸರಿ. ಗ್ಲೂಕೋಸ್ ಕೋಶದ್ರವ್ಯದಲ್ಲಿ ಒಡೆದು ಪೈರುವೇಟ್ ಆಗುತ್ತದೆ. ಅಲ್ಲಿಂದ ಮೂರು ಬಾಣ. ಆಮ್ಲಜನಕವಿಲ್ಲದೆ ಈಸ್ಟ್‌ನಲ್ಲಿ ಎಥನಾಲ್ ಮತ್ತು ಕಾರ್ಬನ್ ಡೈಆಕ್ಸೈಡ್, ಆಮ್ಲಜನಕ ಸಾಲದಾದ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ, ಆಮ್ಲಜನಕವಿದ್ದಾಗ ಮೈಟೊಕಾಂಡ್ರಿಯದಲ್ಲಿ ಕಾರ್ಬನ್ ಡೈಆಕ್ಸೈಡ್ ಮತ್ತು ನೀರು. ಕವಲಿಗೆ ಕಾರಣವನ್ನು ಬಾಣದ ಮೇಲೇ ಬರೆಯಿರಿ. ಕೋಷ್ಟಕದಲ್ಲಿ ಹಾಕಿದರೆ ಮೂರಕ್ಕೂ ಮೂಲ ಒಂದೇ ಎಂಬುದು ಕಣ್ಣಿಗೆ ಬೀಳುವುದಿಲ್ಲ.

ಅಪಧಮನಿ, ಅಭಿಧಮನಿಗಳ ವ್ಯತ್ಯಾಸಕ್ಕೆ ಕೋಷ್ಟಕ ಬೇಕು: ಗೋಡೆ, ಕವಾಟ, ರಕ್ತ ಹರಿಯುವ ದಿಕ್ಕು, ಮೂರೇ ಸಾಲು. ಇದನ್ನು ಕವಲಾಗಿ ಬರೆದರೆ ‘ದಪ್ಪ ಗೋಡೆ’ ಒಂದು ತುದಿಯಲ್ಲಿ, ‘ತೆಳು ಗೋಡೆ’ ಇನ್ನೊಂದು ತುದಿಯಲ್ಲಿ ಉಳಿದು ಹೋಲಿಕೆಯೇ ಆಗುವುದಿಲ್ಲ.

ಬಣ್ಣದಲ್ಲಿ ಹೆಚ್ಚು ಎಚ್ಚರ ಬೇಕು. ‘ಅಪಧಮನಿ ಎಂದರೆ ಕೆಂಪು’ ಎಂದು ಬಳಿದರೆ ಪುಪ್ಪುಸಕ ಅಪಧಮನಿಯಲ್ಲಿ ಎಡವುತ್ತೀರಿ; ಅದು ಹೃದಯದಿಂದ ಶ್ವಾಸಕೋಶಕ್ಕೆ ಆಮ್ಲಜನಕ ಕಡಿಮೆಯಿರುವ ರಕ್ತವನ್ನು ಒಯ್ಯುತ್ತದೆ. ಹಾಗಾಗಿ ಬಣ್ಣ ನಾಳಕ್ಕಲ್ಲ, ರಕ್ತಕ್ಕೆ: ಆಮ್ಲಜನಕಯುಕ್ತಕ್ಕೆ ಕೆಂಪು, ಉಳಿದದ್ದಕ್ಕೆ ನೀಲಿ. ಶೀರ್ಷಿಕೆಗಳನ್ನು ಕಪ್ಪಿನಲ್ಲೇ ಬಿಡಿ.

ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ಈ ಪಾಠಕ್ಕೆ ನನ್ನ ಮತ ಕವಲು ಚಿತ್ರಕ್ಕೆ. ಸಾಗಾಣಿಕೆಯ ಪೆಟ್ಟಿಗೆಯೊಳಗೆ ಪುಟ್ಟ ಕೋಷ್ಟಕವೊಂದಕ್ಕೆ ಜಾಗ ಉಳಿಸಿಕೊಳ್ಳಿ. ಬರೆದಾದ ಮೇಲೆ ಪೈರುವೇಟ್‌ನ ಕೆಳಭಾಗವನ್ನು ಕೈಯಿಂದ ಮುಚ್ಚಿ, ಮೂರೂ ಕವಲುಗಳನ್ನು ಬೇರೆ ಹಾಳೆಯಲ್ಲಿ ಬರೆದು ನೋಡಿ.