ಪೋಸ್ಟರಿನ ಒಂದೇ ಸಾಲು ಬದಲಿಸಬೇಕಾದಾಗ: ಫೋಟೋಪೀ, ಪಿಕ್ಸೆಲ್‌ಲ್ಯಾಬ್, ಇಂಕ್‌ಸ್ಕೇಪ್

ಮೊದಲೇ ಹೇಳಿಬಿಡುತ್ತೇನೆ, ಚಿತ್ರ ತಿದ್ದುವ ಈ ಮೂರು ಆ್ಯಪ್‌ಗಳಲ್ಲಿ ನನ್ನ ಓಟು ಫೋಟೋಪೀಗೆ. ನಮ್ಮ ಬೀದಿಯ ಗಣೇಶೋತ್ಸವದ 2024ರ ಪೋಸ್ಟರಿನಲ್ಲಿ "ಸೆಪ್ಟೆಂಬರ್ 7, ಶನಿವಾರ" ಅಂತಿದ್ದ ಸಾಲನ್ನು 2025ಕ್ಕೆ "ಆಗಸ್ಟ್ 27, ಬುಧವಾರ" ಮಾಡಬೇಕಿತ್ತು. ಪ್ರಿಂಟ್ ಅಂಗಡಿಯವರ ಬಳಿ ಮೂಲ ಫೈಲ್ ಉಳಿದಿರಲಿಲ್ಲ. ಕೈಯಲ್ಲಿದ್ದದ್ದು ಬರೀ ಜೆಪಿಜಿ. ಕೇಸರಿ ಹಿನ್ನೆಲೆ, ಕಡುಗೆಂಪು ಅಕ್ಷರ, ಸುತ್ತ ಬಿಳಿ ಅಂಚು, ಕೆಳಗೆ ಕಪ್ಪು ನೆರಳು, ಅದರ ಸುತ್ತ ಹಳದಿ ಹೊಳಪು. ಮೇಲಿನ ಮತ್ತು ಕೆಳಗಿನ ಸಾಲು ಹಾಗೇ ಇರುತ್ತವೆ. ಹಾಗಾಗಿ ನಡುವಿನ ಸಾಲು ಸ್ವಲ್ಪ ಬೇರೆಯಾದರೂ ಕಣ್ಣಿಗೆ ಹೊಡೆಯುತ್ತದೆ.

ಯಾವ ಆ್ಯಪ್ ಆದರೂ ಮೊದಲ ಕೆಲಸ ಅಳೆಯುವುದು. ಚಿತ್ರವನ್ನು 800% ಹಿಗ್ಗಿಸಿ, ಉಳಿಯುವ ಸಾಲಿನ ಒಂದು ನೇರ ಗೆರೆಯ ಹತ್ತಿರ ಪಿಕ್ಸೆಲ್ ಎಣಿಸಬೇಕು. ನನಗೆ ಬಿಳಿ ಅಂಚು 6 ಪಿಕ್ಸೆಲ್ ಸಿಕ್ಕಿತು. ಬಣ್ಣವನ್ನು ಅಂಚಿನ ನಡುಭಾಗದಿಂದಲೇ ತೆಗೆಯಿರಿ, ತುದಿಯಲ್ಲಿ ಜೆಪಿಜಿ ಬಣ್ಣಗಳನ್ನು ಕಲಸಿರುತ್ತದೆ. ನೆರಳಿಗೆ, ಅಂಚಿನ ಒಂದು ಮೂಲೆ ಮತ್ತು ನೆರಳಿನಲ್ಲಿ ಅದೇ ಮೂಲೆ, ಇವೆರಡರ ಅಂತರ ನೋಡಬೇಕು. ನನ್ನದರಲ್ಲಿ 7 ಬಲಕ್ಕೆ, 7 ಕೆಳಕ್ಕೆ. ಫೋಟೋಪೀಯಲ್ಲಿ ಇದನ್ನು ಕೋನ ಮತ್ತು ದೂರವಾಗಿ ಕೊಡಬೇಕು. ಬೆಳಕು ಎಡ ಮೇಲಿನಿಂದ ಬೀಳುವುದರಿಂದ ಕೋನ 135, ದೂರ ಸುಮಾರು 10.

ಇನ್ನು ನನ್ನನ್ನು ಸತಾಯಿಸಿದ ವಿಷಯ. ಅಂಚು 6, ನೆರಳು 10, ಎಲ್ಲ ಸರಿಯಾಗಿ ಹಾಕಿದರೂ ನೆರಳು ಮಾತ್ರ ಸಣಕಲಾಗಿ ಕಾಣುತ್ತಿತ್ತು. ಗಾಢತೆ ಏರಿಸಿದೆ, ಮಬ್ಬು ಕಡಿಮೆ ಮಾಡಿದೆ. ಊಹೂಂ. ಕಾರಣ ಬೇರೆಯೇ ಇತ್ತು. ಫೋಟೋಶಾಪಿನಂತೆ ಇಲ್ಲೂ ನೆರಳು ಬೀಳುವುದು ಅಕ್ಷರದಿಂದ, ಅಂಚಿನಿಂದಲ್ಲ. ಅಕ್ಷರದ ನೆರಳು 7 ಪಿಕ್ಸೆಲ್ ಸರಿದರೂ ಅದರಲ್ಲಿ 6 ಪಿಕ್ಸೆಲ್ ಬಿಳಿ ಅಂಚಿನ ಕೆಳಗೇ ಮುಚ್ಚಿಹೋಗುತ್ತದೆ. ಹೊರಗೆ ಕಾಣುವುದು ಒಂದು ಪಿಕ್ಸೆಲ್. ಹೊಳಪಿನ ಕಥೆಯೂ ಅದೇ, ಅದರ ದಟ್ಟವಾದ ಭಾಗವೆಲ್ಲ ಅಂಚಿನ ಅಡಿಯಲ್ಲಿ ಉಳಿಯುತ್ತದೆ.

ಮೂಲ ಪೋಸ್ಟರಿನಲ್ಲಿ ಅಂಚಿನಾಚೆ ಪೂರ್ತಿ 7 ಪಿಕ್ಸೆಲ್ ನೆರಳು ಕಾಣುತ್ತಿತ್ತು. ಅಂದರೆ ಅಲ್ಲಿ ಅಂಚಿಗೂ ನೆರಳಿದೆ. ಪರಿಹಾರ ಸುಲಭ. ಪಠ್ಯದ ಪದರಕ್ಕೆ Stroke ಮಾತ್ರ ಹಾಕಿ, Position ಅನ್ನು Outside ಇಡಿ. ಆಮೇಲೆ ಆ ಪದರವನ್ನು Convert to Smart Object ಮಾಡಿ, ಅದರ ಮೇಲೆ Drop Shadow ಮತ್ತು Outer Glow ಹಾಕಿ. ಈಗ ಅಕ್ಷರ, ಅಂಚು ಎರಡೂ ಸೇರಿ ಒಂದೇ ಆಕಾರ. ಪದರಗಳ ಪಟ್ಟಿಯಲ್ಲಿ ಅದರ ಪುಟ್ಟ ಚಿತ್ರದ ಮೇಲೆ ಎರಡು ಸಲ ಒತ್ತಿದರೆ ಒಳಗಿನ ಪಠ್ಯ ತೆರೆಯುತ್ತದೆ, ತಿದ್ದಿ Save ಮಾಡಿದರೆ ಪೋಸ್ಟರಿನಲ್ಲೂ ಬದಲಾಗುತ್ತದೆ. ನನಗೆ ಇಷ್ಟವಾದದ್ದೇ ಇದು. ಕೊನೆ ಗಳಿಗೆಯಲ್ಲಿ ಸಮಿತಿಯವರು "ಸಂಜೆ 6ಕ್ಕೆ ಅಂತಲೂ ಸೇರಿಸಿ" ಅಂದರು. ಒಳಗಿನ ಕ್ಯಾನ್ವಾಸನ್ನು ಸ್ವಲ್ಪ ಅಗಲಿಸಿ ಅಕ್ಷರ ಸೇರಿಸಿ Save ಮಾಡಿದೆ, ಅಂಚು, ನೆರಳು, ಹೊಳಪು ತಾವಾಗಿಯೇ ಹಿಂದೆ ಬಂದವು.

ಹೊಳಪು ಇನ್ನೂ ಮಂಕಾಗಿದ್ದರೆ ಅದರ Blend Mode ನೋಡಿ. Screen ಇದ್ದರೆ ತಿಳಿ ಹಿನ್ನೆಲೆಯ ಮೇಲೆ ಹಳದಿ ಕರಗಿಹೋಗುತ್ತದೆ. Normal ಮಾಡಿದರೆ ಎದ್ದು ಕಾಣುತ್ತದೆ.

ಪಿಕ್ಸೆಲ್‌ಲ್ಯಾಬ್ ಫೋನಿನಲ್ಲೇ ಮುಗಿಯುತ್ತದೆ, ನಮ್ಮ ಹುಡುಗರೆಲ್ಲ ಅದನ್ನೇ ಬಳಸುವುದು. ನೆರಳನ್ನು ಅಡ್ಡಕ್ಕೆ ಇಷ್ಟು, ಉದ್ದಕ್ಕೆ ಇಷ್ಟು ಅಂತ ಸರಿಸುವುದರಿಂದ ಕೋನದ ಲೆಕ್ಕವೂ ಬೇಡ. ಆದರೆ ನೆರಳು ಒಂದೇ ಸಿಗುತ್ತದೆ. ಅದನ್ನೇ ಸರಿಸದೆ ಹಳದಿ ಮಾಡಿದರೆ ಹೊಳಪಾಗುತ್ತದೆ, ಆಗ ಕಪ್ಪು ನೆರಳಿಗೆ ಜಾಗವಿಲ್ಲ. ಎರಡೂ ಬೇಕಾದರೆ ಸಾಲನ್ನು ನಕಲು ಮಾಡಿ ಒಂದರ ಮೇಲೊಂದು ಇಡಬೇಕು. ಆಮೇಲೆ ಒಂದಕ್ಷರ ಬದಲಾದರೂ ಎರಡು ಕಡೆ ತಿದ್ದಬೇಕು. ಸುಮ್ನೆ ಒಂದು ಶುಭಾಶಯಕ್ಕೆ ಓಕೆ, ಇಂಥ ಕೆಲಸಕ್ಕೆ ಕಷ್ಟ.

ಇಂಕ್‌ಸ್ಕೇಪಿನಲ್ಲಿ ಅಂಚು ಅಕ್ಷರದ ಗೆರೆಯ ಎರಡೂ ಬದಿಗೆ ಹರಡುತ್ತದೆ. ಹೊರಗೆ 6 ಬೇಕಾದರೆ 12 ಕೊಟ್ಟು, ಅಂಚನ್ನು ಬಣ್ಣದ ಕೆಳಗೆ ಕಳಿಸಬೇಕು. ಇಲ್ಲದಿದ್ದರೆ ಅಕ್ಷರ ತೆಳ್ಳಗಾಗುತ್ತದೆ. ಒಂದು ಕಡೆ ಮಾತ್ರ ಇದು ಮುಂದು. ಹಳೆಯ ಸಾಲಿನ 7ರಂಥ ಅಂಕಿಯ ಮೂಲೆಯಲ್ಲಿ ಬಿಳಿ ಅಂಚು ಚೂಪಾಗಿದ್ದರೆ ಇಂಕ್‌ಸ್ಕೇಪೇ ಬೇಕು, ಯಾಕಂದರೆ ಫೋಟೋಪೀಯ ಹೊರ ಅಂಚು ಮೂಲೆಯನ್ನು ಗುಂಡಗೆ ಮಾಡುತ್ತದೆ. ನನ್ನ ಪೋಸ್ಟರಿನಲ್ಲಿ ಗುಂಡಗೇ ಇತ್ತು.

ಎಲ್ಲಿ ಮಾಡಿದರೂ "ಆಗಸ್ಟ್" ಪದದ ಒತ್ತನ್ನು ಹಿಗ್ಗಿಸಿ ನೋಡಿ. ಅಂಚು ದಪ್ಪವಾದರೆ ಸ ಮತ್ತು ಅದರ ಕೆಳಗಿನ ಒತ್ತಿನ ನಡುವಿನ ಸಂದು ಬಿಳಿಯಿಂದ ಮುಚ್ಚಿಕೊಳ್ಳುತ್ತದೆ. ಮೂಲದಲ್ಲಿ "ಸೆಪ್ಟೆಂಬರ್"ನ ಒತ್ತಿನ ಬಳಿ ಹೇಗಿದೆಯೋ ಹಾಗೇ ಇರಬೇಕು.

ನನ್ನ ಬಳಿ ಹಳೆಯ ಲ್ಯಾಪ್‌ಟಾಪ್ ಇದೆ, ಸಾಫ್ಟ್‌ವೇರಿಗೆ ಖರ್ಚು ಮಾಡುವ ಮನಸ್ಸಿಲ್ಲ. ಫೋಟೋಪೀ ಬ್ರೌಸರಿನಲ್ಲೇ ತೆರೆಯುತ್ತದೆ, ಪಕ್ಕದಲ್ಲಿ ಜಾಹೀರಾತು ಇರುತ್ತದೆ ಅಷ್ಟೇ. ಈ ಸಲ ಪದರಗಳಿರುವ ಮೂಲ ಪಿಎಸ್‌ಡಿ ಫೈಲನ್ನೂ ಉಳಿಸಿ ಸಮಿತಿಯ ಡ್ರೈವಿಗೆ ಹಾಕಿದ್ದೇನೆ. 2026ರಲ್ಲಿ ಹಬ್ಬ ಸೆಪ್ಟೆಂಬರ್ 14, ಸೋಮವಾರ. ಆಗ ಟೈಪ್ ಮಾಡಿ Save ಒತ್ತಿದರೆ ಸಾಕು.