ಯಾವ ದರ, ಯಾವ ದಿನದ ದರ: ವಿದೇಶಿ ಕರೆನ್ಸಿ ಪಾವತಿಗೆ ನಾಲ್ಕು ಷರತ್ತುಗಳ ಹೋಲಿಕೆ

ಬೆಲೆ ಒಂದು ಕರೆನ್ಸಿಯಲ್ಲಿ, ಪಾವತಿ ಇನ್ನೊಂದರಲ್ಲಿ ಇರುವ ಒಪ್ಪಂದಗಳಲ್ಲಿ ದರದ ಬಗ್ಗೆ ಸಾಮಾನ್ಯವಾಗಿ ನಾಲ್ಕು ಬಗೆಯ ಷರತ್ತು ಕಾಣುತ್ತವೆ. "ಪಾವತಿಯ ದಿನ ಚಾಲ್ತಿಯಲ್ಲಿರುವ ದರ" ಒಂದು. "ಪಾವತಿಸುವವರ ಬ್ಯಾಂಕಿನ ದರ" ಎರಡನೆಯದು. "ಇನ್‌ವಾಯ್ಸ್ ದಿನದ ದರ" ಮೂರನೆಯದು. ನಾಲ್ಕನೆಯದು ಕೇಂದ್ರೀಯ ಬ್ಯಾಂಕು ಪ್ರಕಟಿಸುವ ರೆಫರೆನ್ಸ್ ದರ, ಅದೂ ಗಡುವಿಗೆ ಎರಡು ಕೆಲಸದ ದಿನ ಮುಂಚಿನದು. ನಾಲ್ಕನ್ನೂ ಬಳಸಿದ ಮೇಲೆ ನನ್ನ ಒಲವು ನಾಲ್ಕನೆಯದಕ್ಕೇ. ಅದರಲ್ಲೂ ಒಂದು ತಲೆನೋವಿದೆ, ಅದಕ್ಕೆ ಆಮೇಲೆ ಬರೋಣ.

ಲೆಕ್ಕಕ್ಕೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಬೆಲೆ 80,000 ಯುರೋ, ಕೊಡಬೇಕಾದದ್ದು ಡಾಲರ್‌ನಲ್ಲಿ, ಒಂದು ಯುರೋಗೆ 1.0850 ಡಾಲರ್ ಎಂದುಕೊಳ್ಳಿ. ಅಲ್ಲಿಗೆ 86,800 ಡಾಲರ್.

"ಚಾಲ್ತಿಯಲ್ಲಿರುವ ದರ" ಓದುವಾಗ ಸರಿಯಾಗಿಯೇ ಇದೆ ಅನ್ನಿಸುತ್ತದೆ. ಆದರೆ ಎಲ್ಲಿ ಚಾಲ್ತಿಯಲ್ಲಿರುವುದು, ಎಷ್ಟು ಹೊತ್ತಿಗೆ? ಪಾವತಿಯ ದಿನ ಅಂದರೆ ಬ್ಯಾಂಕಿಗೆ ಸೂಚನೆ ಕೊಟ್ಟ ದಿನವೋ, ಖಾತೆಯಿಂದ ಹಣ ಹೋದ ದಿನವೋ, ಆ ಕಡೆ ಜಮೆಯಾದ ದಿನವೋ? ಈ ಮೂರರ ನಡುವೆ ಎರಡು ಮೂರು ದಿನ ಸುಲಭವಾಗಿ ಜಾರುತ್ತವೆ. ಇದನ್ನು ಸರಿಪಡಿಸುತ್ತೇವೆಂದು "ಪಾವತಿಯ ದಿನದ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ದರ" ಎಂದು ಬರೆಯುವವರೂ ಇದ್ದಾರೆ. ಆ ದರ ಹೊರಬರುವುದು ಮಧ್ಯ ಯುರೋಪಿನ ಸಮಯ ಸಂಜೆ ನಾಲ್ಕರ ಸುಮಾರಿಗೆ. ಅಷ್ಟು ಹೊತ್ತಿಗೆ ಎಷ್ಟೋ ಬ್ಯಾಂಕುಗಳಲ್ಲಿ ಆ ದಿನದ ಕಟ್-ಆಫ್ ಮುಗಿದಿರುತ್ತದೆ. ಮೊತ್ತ ಗೊತ್ತಾಗುವ ಹೊತ್ತಿಗೆ ಕಳಿಸುವಂತಿಲ್ಲ, ಕಳಿಸುವ ಹೊತ್ತಿಗೆ ಮೊತ್ತ ಗೊತ್ತಿಲ್ಲ. ಕೊನೆಗೆ ಅಂದಾಜಿನ ಮೇಲೆ ಕಳಿಸಿ, ಉಳಿದ ಚಿಲ್ಲರೆಗೆ ಡೆಬಿಟ್ ನೋಟು, ಕ್ರೆಡಿಟ್ ನೋಟು ಓಡಾಡಿಸುವುದೇ ಕೆಲಸವಾಗುತ್ತದೆ.

ಬ್ಯಾಂಕಿನ ದರದಲ್ಲಿ ಈ ಗೊಂದಲವಿಲ್ಲ. ಅಡ್ವೈಸ್ ಮೇಲೆ ದರ ಮುದ್ರಿತವಾಗಿಯೇ ಬರುತ್ತದೆ. ಆದರೆ ಅದರೊಳಗೆ ಬ್ಯಾಂಕಿನ ಮಾರ್ಜಿನ್ ಸೇರಿರುತ್ತದೆ. ಅದು ಶೇಕಡಾ ಒಂದೂವರೆ ಎಂದಾದರೆ ನಮ್ಮ ಉದಾಹರಣೆಯಲ್ಲಿ 86,800ರ ಬದಲು 88,102 ಡಾಲರ್, ಅಂದರೆ 1,302 ಹೆಚ್ಚು. ಒಪ್ಪಂದದಲ್ಲಿರುವುದು ಡಾಲರ್ ಬೆಲೆಯಾಗಿದ್ದು ಕೊಡುವುದು ಯುರೋ ಆದರೆ ಇದೇ ಮಾರ್ಜಿನ್ ಪಡೆಯುವವರ ತಲೆಗೆ ಬರಬಹುದು. ಎಷ್ಟು ಮಾರ್ಜಿನ್ ಎಂಬುದು ಪಾವತಿಸುವವರಿಗೂ ಅವರ ಬ್ಯಾಂಕಿಗೂ ಮಾತ್ರ ಗೊತ್ತು.

ಇನ್‌ವಾಯ್ಸ್ ದಿನದ ದರ ಲೆಕ್ಕಪತ್ರದವರಿಗೆ ಬಲು ಇಷ್ಟ, ಮೊತ್ತ ಮೊದಲ ದಿನವೇ ನಿಂತುಬಿಡುತ್ತದೆ. ಆದರೆ ಗಡುವು ಮೂವತ್ತು ದಿನದ್ದಾದರೆ ಅಷ್ಟೂ ದಿನದ ಏರಿಳಿತ ಯಾರದಾದರೂ ಮೇಲೆ ಬೀಳಲೇಬೇಕಲ್ಲ. 2015ರ ಜನವರಿ 15ರಂದು ಸ್ವಿಸ್ ನ್ಯಾಷನಲ್ ಬ್ಯಾಂಕ್ ಒಂದು ಯುರೋಗೆ 1.20 ಫ್ರಾಂಕ್ ಎಂಬ ಕನಿಷ್ಠ ಮಿತಿಯನ್ನು ಕೈಬಿಟ್ಟಿತು. ಯುರೋ ಅದೇ ದಿನ ಒಂದು ಫ್ರಾಂಕಿನ ಆಸುಪಾಸಿಗೆ ಕುಸಿಯಿತು. ಹಿಂದಿನ ದಿನದ ಇನ್‌ವಾಯ್ಸಿನಲ್ಲಿ 80,000 ಯುರೋ ಬೆಲೆಯನ್ನು ಫ್ರಾಂಕಿಗೆ ನಿಗದಿ ಮಾಡಿದ್ದರೆ 96,000ಕ್ಕಿಂತ ಕಡಿಮೆಯಾಗುತ್ತಿರಲಿಲ್ಲ. ಮರುದಿನ ಅಷ್ಟೇ ಯುರೋ ಕೊಳ್ಳಲು ಅದಕ್ಕಿಂತ ಹತ್ತಾರು ಸಾವಿರ ಕಡಿಮೆ ಫ್ರಾಂಕ್ ಸಾಕಿತ್ತು.

ಇದಕ್ಕಿಂತ ದಿನನಿತ್ಯದ ತೊಂದರೆ ಬೇರೆಯೇ ಇದೆ. ದಿನ ಯಾರ ಕೈಯಲ್ಲಿದೆಯೋ ದರವೂ ಅವರ ಕೈಯಲ್ಲೇ. ಇನ್‌ವಾಯ್ಸ್ ದಿನವೆಂದರೆ ಮಾರುವವರು ದರ ನೋಡಿ ಒಂದೆರಡು ದಿನ ಹಿಂದೆಮುಂದೆ ಬರೆಯಬಹುದು. ನಿಜವಾಗಿ ಪಾವತಿಸಿದ ದಿನವೆಂದರೆ ಕೊಳ್ಳುವವರು ದರ ಇಳಿಯಲಿ ಎಂದು ಕಾಯಬಹುದು. ಗಡುವಿಗೆ ಎರಡು ದಿನ ಮುಂಚೆ ಎಂದಾಗ ಈ ಆಟ ಇಬ್ಬರಿಗೂ ನಡೆಯುವುದಿಲ್ಲ. ಇನ್‌ವಾಯ್ಸನ್ನು ಸರಿಸಿದರೂ ಒಂದು ತಿಂಗಳಾಚೆಯ ದರ ಯಾರಿಗೂ ಗೊತ್ತಿರುವುದಿಲ್ಲ. ಎರಡೇ ದಿನ ಯಾಕೆಂದರೆ, ಕರೆನ್ಸಿ ಮಾರುಕಟ್ಟೆಯಲ್ಲಿ ಸ್ಪಾಟ್ ವ್ಯವಹಾರ ಸಾಮಾನ್ಯವಾಗಿ ಎರಡು ಕೆಲಸದ ದಿನಕ್ಕೆ ಇತ್ಯರ್ಥವಾಗುತ್ತದೆ. ಮಂಗಳವಾರ ಸಂಜೆ ದರ ಬಂದರೆ ಬುಧವಾರ ಬೆಳಗ್ಗೆ ಸೂಚನೆ ಕೊಟ್ಟು ಗುರುವಾರ ಹಣ ಮುಟ್ಟಿಸಲು ಸಮಯ ಸಿಗುತ್ತದೆ.

ಇನ್ನು ತಲೆನೋವಿನ ವಿಷಯ. ಕೆಲಸದ ದಿನ ಅಂದರೆ ಯಾರ ಕೆಲಸದ ದಿನ? ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ದರ ಪ್ರಕಟಿಸುವುದು ಟಾರ್ಗೆಟ್ ಪಾವತಿ ವ್ಯವಸ್ಥೆ ತೆರೆದಿರುವ ದಿನಗಳಲ್ಲಿ ಮಾತ್ರ. ಶನಿವಾರ, ಭಾನುವಾರದ ಜೊತೆಗೆ ಜನವರಿ 1, ಗುಡ್ ಫ್ರೈಡೇ, ಈಸ್ಟರ್ ಸೋಮವಾರ, ಮೇ 1, ಡಿಸೆಂಬರ್ 25 ಮತ್ತು 26 ಅದು ಮುಚ್ಚಿರುತ್ತದೆ. 2025ರ ಏಪ್ರಿಲ್ 22, ಮಂಗಳವಾರ, ಗಡುವು ಎಂದುಕೊಳ್ಳಿ. ಅಮೆರಿಕದ ಬ್ಯಾಂಕ್ ಕ್ಯಾಲೆಂಡರ್ ಹಿಡಿದು ಹಿಂದಕ್ಕೆ ಎಣಿಸಿದರೆ ಸೋಮವಾರ ಒಂದು, ಶುಕ್ರವಾರ ಎರಡು, ಏಪ್ರಿಲ್ 18. ಅದು ಗುಡ್ ಫ್ರೈಡೇ. ಅಮೆರಿಕದಲ್ಲಿ ಫೆಡರಲ್ ರಜೆಯಲ್ಲ, ಆದರೆ ಆ ದಿನದ ಯುರೋ ದರವೇ ಇಲ್ಲ. ಟಾರ್ಗೆಟ್ ಕ್ಯಾಲೆಂಡರ್ ಹಿಡಿದರೆ ಗುರುವಾರ ಒಂದು, ಬುಧವಾರ ಎರಡು, ಅಂದರೆ ಏಪ್ರಿಲ್ 16.

ದರ ಇಲ್ಲದ ದಿನಕ್ಕೆ ಬಂದು ನಿಂತಾಗ ಒಬ್ಬರು ಹಿಂದಿನ ದರ ಎನ್ನುತ್ತಾರೆ, ಇನ್ನೊಬ್ಬರು ಮುಂದಿನ ದರ ಎನ್ನುತ್ತಾರೆ. ಇಲ್ಲಿ ಮುಂದಿನ ದರ ಬರುವುದು ಗಡುವಿನ ದಿನ ಸಂಜೆಯೇ. ಯಾರಿಗೆ ಯಾವುದು ಲಾಭವೋ ಅದೇ ಅವರಿಗೆ ಒಪ್ಪಂದದ ಅರ್ಥವಾಗಿ ಕಾಣುತ್ತದೆ. ಆದ್ದರಿಂದ ದರ ನಿಗದಿಯ ದಿನವನ್ನು ದರ ಪ್ರಕಟಿಸುವವರ ಕ್ಯಾಲೆಂಡರಿಂದಲೇ ಎಣಿಸಬೇಕು, ಹಣ ಕಳಿಸುವ ದಿನಕ್ಕೆ ಎರಡೂ ಕಡೆಯ ಬ್ಯಾಂಕುಗಳು ತೆರೆದಿರಬೇಕು. ಇವೆರಡನ್ನೂ "ಕೆಲಸದ ದಿನ" ಎಂಬ ಒಂದೇ ವ್ಯಾಖ್ಯೆಯಲ್ಲಿ ತುರುಕಬೇಡಿ.

ದರವೇ ನಿಂತುಹೋಗುವುದೂ ಉಂಟು. 2022ರ ಮಾರ್ಚ್ ಮೊದಲಲ್ಲಿ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ರಷ್ಯಾದ ರೂಬಲ್‌ಗೆ ದರ ಪ್ರಕಟಿಸುವುದನ್ನು ನಿಲ್ಲಿಸಿತು. ಬದಲಿ ಮೂಲವನ್ನು ಹೆಸರಿಸದ ಒಪ್ಪಂದಗಳಿಗೆ ಕೈಯಲ್ಲಿ ಉಳಿದದ್ದು ದಿನದಿಂದ ದಿನಕ್ಕೆ ಹಳತಾಗುವ ಕೊನೆಯ ದರ ಮಾತ್ರ.

ದುಂಡು ಮಾಡುವುದರ ಬಗ್ಗೆ ಒಂದು ಮಾತು: ದರವನ್ನು ಪ್ರಕಟವಾದ ಹಾಗೆಯೇ ಗುಣಿಸಿ. ತಿರುಗಿಸಿ 0.92 ಎಂದು ಬರೆದುಕೊಂಡು ಭಾಗಿಸಿದರೆ ಮೊತ್ತ 86,957 ಆಗುತ್ತದೆ, ಸುಮ್ಮನೆ 157 ಡಾಲರ್ ವ್ಯತ್ಯಾಸ.

ನಾನು ಬಳಸುವ ಒಕ್ಕಣೆ ಹೀಗಿದೆ:

"ಯುರೋ ಮೊತ್ತವನ್ನು, ಪಾವತಿಯ ಗಡುವಿಗೆ ಎರಡು ಟಾರ್ಗೆಟ್ ದಿನ ಮುಂಚೆ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ಪ್ರಕಟಿಸಿದ ರೆಫರೆನ್ಸ್ ದರದಿಂದ ಗುಣಿಸಿ ಡಾಲರ್ ಮೊತ್ತವನ್ನು ನಿರ್ಧರಿಸತಕ್ಕದ್ದು, ದುಂಡು ಮಾಡುವುದು ಅಂತಿಮ ಮೊತ್ತದಲ್ಲಿ, ಎರಡು ದಶಮಾಂಶಕ್ಕೆ ಮಾತ್ರ. ಆ ದಿನ ದರ ಪ್ರಕಟವಾಗದಿದ್ದರೆ ಅದಕ್ಕೆ ಹಿಂದಿನ ದರ. ಸತತ ಐದು ಟಾರ್ಗೆಟ್ ದಿನ ಪ್ರಕಟವಾಗದಿದ್ದರೆ ಅನುಬಂಧದಲ್ಲಿ ಹೆಸರಿಸಿದ ಬದಲಿ ಮೂಲ. ಪಾವತಿ ತಡವಾದರೆ, ಗಡುವಿನ ಲೆಕ್ಕದ ದರ ಮತ್ತು ಹಣ ಜಮೆಯಾದ ದಿನಕ್ಕೆ ಎರಡು ಟಾರ್ಗೆಟ್ ದಿನ ಮುಂಚಿನ ದರ, ಇವೆರಡರಲ್ಲಿ ಹೆಚ್ಚಿನದು. ಬ್ಯಾಂಕಿನ ಮಾರ್ಜಿನ್ ಮತ್ತು ಶುಲ್ಕ ಪಾವತಿಸುವವರದು."

ಕೊನೆಯ ಎರಡು ವಾಕ್ಯಗಳು ಮಾರುವವರ ಕಡೆ ವಾಲಿವೆ, ಚೌಕಾಸಿ ನಡೆಯುವುದೂ ಅಲ್ಲೇ. ರೆಫರೆನ್ಸ್ ದರಕ್ಕೆ ಯಾವ ಬ್ಯಾಂಕೂ ಕರೆನ್ಸಿ ಕೊಡುವುದಿಲ್ಲ. ಅದನ್ನು ಪ್ರಕಟಿಸುವ ಬ್ಯಾಂಕೇ ಇದು ಮಾಹಿತಿಗಾಗಿ ಮಾತ್ರ, ವ್ಯವಹಾರಕ್ಕೆ ಬಳಸಬೇಡಿ ಎನ್ನುತ್ತದೆ. ಕೊಳ್ಳುವವರು ನೀವಾಗಿದ್ದರೆ ಆ ಅಂತರವನ್ನು ಮೊದಲೇ ಬೆಲೆಯಲ್ಲಿ ಕಳೆಯಲು ಕೇಳಿ.

ಫಾರ್ವರ್ಡ್ ಕೊಂಡು ದರವನ್ನು ಮುಂಗಡವಾಗಿ ಕಟ್ಟಿಹಾಕುವ ವ್ಯವಸ್ಥೆ ನಿಮ್ಮಲ್ಲಿದ್ದರೆ ಇನ್‌ವಾಯ್ಸ್ ದಿನದ ದರವೂ ನಡೆಯುತ್ತದೆ. ಸಾವಿರ ಯುರೋ ಒಳಗಿನ ಬಿಲ್ಲುಗಳಿಗೆ ನಾನೂ ಅದನ್ನೇ ಬರೆಯುತ್ತೇನೆ, ಅಷ್ಟಕ್ಕೆ ಕ್ಯಾಲೆಂಡರ್ ಎಣಿಸುವ ಸಂಬಳ ಗಿಟ್ಟುವುದಿಲ್ಲ. "ಚಾಲ್ತಿಯಲ್ಲಿರುವ ದರ" ಮಾತ್ರ ಎಷ್ಟು ಸಣ್ಣ ಬಿಲ್ಲಿಗೂ ಬೇಡ.