ಇಲಿ ಜ್ವರದ ಪಿಸಿಆರ್ ಕಿಟ್: ಕೆಲವು ಮಳೆಗಾಲಗಳ ಬಳಕೆಯ ನಂತರ

ಮಡಿಕೇರಿಯ ನಮ್ಮ ಪ್ರಯೋಗಾಲಯದಲ್ಲಿ ಇಲಿ ಜ್ವರ ಪತ್ತೆಗೆ ಡಿಎನ್ಎ ತುಣುಕನ್ನು ಮತ್ತೆ ಮತ್ತೆ ನಕಲು ಮಾಡಿ ಗುರುತಿಸುವ ಒಂದು ರಿಯಲ್ ಟೈಮ್ ಪಿಸಿಆರ್ ಕಿಟ್ಟನ್ನು ಕೆಲವು ಮಳೆಗಾಲಗಳಿಂದ ಬಳಸುತ್ತಿದ್ದೇವೆ. ನಾಟಿಯ ತಿಂಗಳುಗಳಲ್ಲಿ ವಿರಾಜಪೇಟೆ, ಪೊನ್ನಂಪೇಟೆ ಕಡೆಯಿಂದ ಗದ್ದೆ ಮತ್ತು ತೋಟದ ಕೆಲಸಗಾರರ ರಕ್ತದ ಮಾದರಿಗಳು ಹೆಚ್ಚು ಬರುತ್ತವೆ.

ಕಿಟ್ ಹುಡುಕುವುದು ರೋಗ ತರುವ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾಗಳಲ್ಲಿರುವ ಲಿಪ್‌ಎಲ್32 ಜೀನಿನ ಒಂದು ತುಣುಕನ್ನು. 95 ಡಿಗ್ರಿಯಲ್ಲಿ ಡಿಎನ್ಎಯ ಎರಡು ಎಳೆಗಳು ಬೇರ್ಪಡುತ್ತವೆ. 60 ಡಿಗ್ರಿಗೆ ಇಳಿದಾಗ ನಕಲು ಶುರುವಾಗುವ ಜಾಗ ತೋರಿಸುವ ಪ್ರೈಮರ್‌ಗಳೂ ಬೆಳಕು ಬೀರುವ ಬಣ್ಣ ಹೊತ್ತ ಪ್ರೋಬೂ ತಮಗೆ ಹೊಂದುವ ಜಾಗದಲ್ಲಿ ಅಂಟಿಕೊಳ್ಳುತ್ತವೆ, ಪಾಲಿಮರೇಸ್ ಕಿಣ್ವ ಹೊಸ ಎಳೆಯನ್ನು ಕಟ್ಟುತ್ತಾ ಪ್ರೋಬನ್ನು ಕತ್ತರಿಸಿದಂತೆ ಬೆಳಕು ಹೊಮ್ಮುತ್ತದೆ. ಈ ಬಿಸಿ-ತಂಪಿನ ಆವರ್ತಕ್ಕೊಮ್ಮೆ ತುಣುಕುಗಳು ಸುಮಾರಾಗಿ ಇಮ್ಮಡಿಯಾಗುವುದರಿಂದ, ಬೆಳಕು ಮಿತಿಯನ್ನು ದಾಟುವ ಆವರ್ತದ ಸಂಖ್ಯೆ, ಅಂದರೆ ಸಿಟಿ ಮೌಲ್ಯ, ಕಡಿಮೆಯಿದ್ದಷ್ಟೂ ಆರಂಭದಲ್ಲಿದ್ದ ಡಿಎನ್ಎ ಹೆಚ್ಚು.

ಈ ಕಿಟ್ಟಿನಲ್ಲಿ ನಾನು ಅತ್ಯಂತ ಮೆಚ್ಚುವುದು ಅದರ ಆಂತರಿಕ ನಿಯಂತ್ರಣವನ್ನು. ಡಿಎನ್ಎ ಬೇರ್ಪಡಿಸುವ ಮೊದಲೇ ಪ್ರತಿ ಮಾದರಿಗೂ ಸೇರಿಸುವ ಈ ಬೇರೆ ಡಿಎನ್ಎ ಇನ್ನೊಂದು ಬಣ್ಣದಲ್ಲಿ ಕಾಣಿಸಿಕೊಳ್ಳಲೇಬೇಕು. ಜ್ವರದ ನಾಲ್ಕನೆಯ ದಿನ ತೆಗೆದ ಒಬ್ಬರ ರಕ್ತದಲ್ಲಿ ಲಿಪ್‌ಎಲ್32ರ ಬೆಳಕಿನ ರೇಖೆ ಏರಲಿಲ್ಲ. ಆದರೆ ಬೇರೆಲ್ಲ ಮಾದರಿಗಳಲ್ಲಿ 28ನೇ ಆವರ್ತದ ಆಸುಪಾಸಿಗೆ ಬಂದಿದ್ದ ಆಂತರಿಕ ರೇಖೆಯೂ ಅಲ್ಲಿ ಇರಲಿಲ್ಲ. ಇಂತಹ ಫಲಿತಾಂಶವನ್ನು ನೆಗೆಟಿವ್ ಎಂದು ಬರೆಯುವಂತಿಲ್ಲ, ಅದು ಅಸಿಂಧು. ಬೇರ್ಪಡಿಸಿದ ದ್ರವ ನಸುಗೆಂಪಾಗಿದ್ದುದರಿಂದ ರಕ್ತದ ಹೀಮ್ ಉಳಿದು ಪಾಲಿಮರೇಸನ್ನು ತಡೆದಿರಬೇಕೆಂದು ಊಹಿಸಿ, ಅದನ್ನು ಹತ್ತು ಪಟ್ಟು ತೆಳುಗೊಳಿಸಿ ಮತ್ತೆ ನಡೆಸಿದೆವು. ಆಂತರಿಕ ರೇಖೆ 31ಕ್ಕೆ, ಲಿಪ್‌ಎಲ್32 ರೇಖೆ 36ಕ್ಕೆ ಬಂದವು. ಹತ್ತು ಪಟ್ಟು ತೆಳುವಾದರೆ ಸಿಟಿ ಸುಮಾರು 3.3ರಷ್ಟು ಏರುವುದು ಸಹಜವಾದ್ದರಿಂದ ಆಂತರಿಕ ರೇಖೆಯ ಲೆಕ್ಕ ಸರಿಹೊಂದಿತು. ಉಳಿದಿದ್ದ ರಕ್ತದಿಂದ ಹೊಸದಾಗಿ ಡಿಎನ್ಎ ಬೇರ್ಪಡಿಸಿ ಖಚಿತಪಡಿಸಿಕೊಂಡ ಮೇಲೆಯೇ ಪಾಸಿಟಿವ್ ವರದಿ ಕೊಟ್ಟೆವು.

ಸುಳ್ಳು ಪಾಸಿಟಿವ್ ತಡೆಯಲು ನೀರು ಮಾತ್ರ ಹಾಕಿದ ಕೊಳವೆಯೂ, ಮಾದರಿಯಿಲ್ಲದೆ ಬೇರ್ಪಡಿಕೆಯ ಎಲ್ಲ ಹಂತ ದಾಟಿಸಿದ ಕೊಳವೆಯೂ ಪ್ರತಿ ಬಾರಿ ಇರಬೇಕು. ಮೊದಲನೆಯದು ಶುದ್ಧವಾಗಿದ್ದು ಎರಡನೆಯದರಲ್ಲಿ ಮಾತ್ರ ರೇಖೆ ಎದ್ದರೆ ಕಲಬೆರಕೆ ಬೇರ್ಪಡಿಸುವ ಮೇಜಿನಲ್ಲಾಗಿದೆ ಎಂದು ತಿಳಿಯುತ್ತದೆ. ಕಿಟ್ಟಿನಲ್ಲಿರುವ ಯುಎನ್‌ಜಿ ಕಿಣ್ವವು ಥೈಮಿನ್ ಬದಲು ಯುರಾಸಿಲ್ ಇರುವ ಹಳೆಯ ಪಿಸಿಆರ್ ತುಣುಕುಗಳನ್ನಷ್ಟೇ ನಾಶಮಾಡುತ್ತದೆ. ಪಕ್ಕದ ರೋಗಿಯ ಮಾದರಿಯಿಂದ ಸಿಡಿದ ಬ್ಯಾಕ್ಟೀರಿಯಾ ಡಿಎನ್ಎಯನ್ನು ಅದು ಮುಟ್ಟುವುದಿಲ್ಲ.

ಒಂದು ಕೊರತೆಯನ್ನು ಹೇಳಲೇಬೇಕು. ಕಿಟ್ ಕೆಲಸ ಮಾಡುತ್ತಿದೆಯೆಂದು ತೋರಿಸುವ ಪಾಸಿಟಿವ್ ನಿಯಂತ್ರಣದಲ್ಲಿ ಡಿಎನ್ಎ ತೀರಾ ಹೆಚ್ಚಾಗಿದ್ದು ಅದರ ರೇಖೆ 18ಕ್ಕೇ ಏರುತ್ತದೆ. ಕಿಟ್ಟಿನ ಶಕ್ತಿ ಸಾಕಷ್ಟು ಕುಂದಿದ್ದರೂ ಇಂತಹ ನಿಯಂತ್ರಣ ಪಾಸಾಗಿಬಿಡಬಹುದು, ಮುಚ್ಚಳ ತೆರೆದಾಗಲೆಲ್ಲ ಕಲಬೆರಕೆಯ ಅಪಾಯವೂ ಹೆಚ್ಚು. ಮಳೆಗಾಲದಲ್ಲಿ ಕರೆಂಟ್ ಹೋಗಿ ಫ್ರೀಜರ್ ಬೆಚ್ಚಗಾಗುವ ನಮ್ಮ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಆದ್ದರಿಂದ ಪ್ರತ್ಯೇಕ ಕೋಣೆಯಲ್ಲಿ ಅದನ್ನು ತೆಳುಗೊಳಿಸಿ, 32ರ ಹತ್ತಿರ ಬರುವಂತೆ ಮಾಡಿ, ಸಣ್ಣ ಪಾಲುಗಳಾಗಿ ಇಟ್ಟುಕೊಳ್ಳುತ್ತೇವೆ. ಆ ಸಂಖ್ಯೆ ಮೇಲಕ್ಕೆ ಸರಿಯತೊಡಗಿದರೆ ಆ ಕಿಟ್ಟನ್ನು ಬಳಸುವುದಿಲ್ಲ.

ಎಲ್ಲ ನಿಯಂತ್ರಣಗಳೂ ಸರಿಯಿದ್ದರೂ, ಜ್ವರದ ಮೊದಲ ವಾರ ಕಳೆದ ಮೇಲೆ ಬ್ಯಾಕ್ಟೀರಿಯಾ ರಕ್ತದಿಂದ ಸಾಮಾನ್ಯವಾಗಿ ಮರೆಯಾಗುವುದರಿಂದ ನೆಗೆಟಿವ್ ಫಲಿತಾಂಶ ರೋಗವನ್ನು ಅಲ್ಲಗಳೆಯುವುದಿಲ್ಲ. ಹಾಗಾಗಿ ವರದಿಯಲ್ಲಿ ಜ್ವರದ ಎಷ್ಟನೆಯ ದಿನದ ರಕ್ತ ಎಂಬುದನ್ನೂ ನಮೂದಿಸುತ್ತೇವೆ, ತಡವಾಗಿ ಬಂದವರಿಗೆ ಪ್ರತಿಕಾಯ ಪರೀಕ್ಷೆಯನ್ನು ಸೂಚಿಸುತ್ತೇವೆ.